ಸೊನ್ನೆ ಇದ್ದರೂ ಕರ್ಣವಾಗುತ್ತದೆಯೇ? ಒಂದು ತರಗತಿಯ ವಾದ ಕಲಿಸಿದ ಪಾಠಗಳು

ಲೀನಿಯರ್ ಆಲ್ಜೀಬ್ರ ಹೇಳಿಕೊಡುವವರಿಗೆ ಈ ವಾದ ಹೊಸದಲ್ಲ. ಮ್ಯಾಟ್ರಿಕ್ಸ್‌ನ ಐಗೆನ್ ಮೌಲ್ಯಗಳಲ್ಲಿ ಒಂದು ಸೊನ್ನೆ ಎಂದು ಬಂದ ಕೂಡಲೇ ತರಗತಿಯಲ್ಲಿ ಯಾರಾದರೂ ಪೆನ್ನು ಕೆಳಗಿಟ್ಟುಬಿಡುತ್ತಾರೆ. ನನ್ನ ಟ್ಯುಟೋರಿಯಲ್‌ನಲ್ಲಿ ಅಕ್ಕಪಕ್ಕ ಕೂತಿದ್ದ ಇಬ್ಬರು ಸಹಪಾಠಿಗಳು ಇದನ್ನು ಹಿಡಿದು ಒಂದು ಗಂಟೆ ವಾದಿಸಿದರು. ಆ ಮಾತುಕತೆಯ ಆಧಾರದ ಮೇಲೆ ಈಗ ನಾನು ಈ ಪಾಠವನ್ನು ಹೇಗೆ ಹೇಳಿಕೊಡುತ್ತೇನೆ ಎಂಬುದನ್ನು ಬರೆದಿದ್ದೇನೆ.

1. ಯಾವುದಕ್ಕೆ ವಿಲೋಮ ಬೇಕು ಎಂದು ಮೊದಲು ಕೇಳಿ

ಅವರ ಮುಂದಿದ್ದ ಲೆಕ್ಕ ಇದು:

```
A = | 1  2 |
    | 2  4 |
```

"ಡಿಟರ್ಮಿನೆಂಟ್ ಸೊನ್ನೆ. ಅಂದ್ರೆ ಒಂದು ಐಗೆನ್ ಮೌಲ್ಯ ಸೊನ್ನೆ. ಇದು ಡಯಾಗನಲೈಸ್ ಆಗಲ್ಲ ಬಿಡೇ," ಎಂದ ಹುಡುಗ.

"ಯಾಕಾಗಲ್ಲ?"

"A = PDP⁻¹ ಅಂತ ಬರೀಬೇಕಲ್ವಾ? ವಿಲೋಮನೇ ಇಲ್ಲದಿದ್ರೆ ಹೇಗೆ ಬರೀತೀಯ?"

"ವಿಲೋಮ ಬೇಕಿರೋದು P ಗೆ ಕಣೋ. A ಗೆ ಬೇಕು ಅಂತ ಅಲ್ಲಿ ಎಲ್ಲಿದೆ?"

ಹುಡುಗನ ಎಡವಟ್ಟು ಇದ್ದದ್ದು ಇಲ್ಲೇ, ನಾನು ನೋಡಿದ ಹೆಚ್ಚಿನ ವಿದ್ಯಾರ್ಥಿಗಳದ್ದೂ ಇಲ್ಲೇ. ಸೂತ್ರದಲ್ಲಿ ⁻¹ ಕಂಡ ತಕ್ಷಣ ಅದನ್ನು A ಗೆ ಅಂಟಿಸಿಬಿಡುತ್ತಾರೆ. P ಎಂದರೆ ಐಗೆನ್ ವೆಕ್ಟರ್‌ಗಳನ್ನು ಕಂಬಸಾಲುಗಳಾಗಿ ಜೋಡಿಸಿದ ಮ್ಯಾಟ್ರಿಕ್ಸ್. ಅವು ಒಂದರ ಮೇಲೊಂದು ಅವಲಂಬಿಸದಿದ್ದರೆ P ಗೆ ವಿಲೋಮ ಇದ್ದೇ ಇರುತ್ತದೆ. ಮೌಲ್ಯಗಳು ಹೋಗಿ ಕೂರುವುದು D ಯ ಕರ್ಣದಲ್ಲಿ, ಅಲ್ಲಿ ಸೊನ್ನೆ ಕೂರಬಾರದೆಂದು ಯಾವ ನಿಯಮವೂ ಇಲ್ಲ.

ಹುಡುಗಿ ಲೆಕ್ಕ ಮಾಡಿ ತೋರಿಸಿದಳು. (1, 2) ಅನ್ನು A ಗೆ ಕೊಟ್ಟರೆ (5, 10) ಬರುತ್ತದೆ, ಹಾಗಾಗಿ ಮೌಲ್ಯ 5. (2, −1) ಕೊಟ್ಟರೆ (0, 0) ಬರುತ್ತದೆ, ಹಾಗಾಗಿ ಮೌಲ್ಯ 0. ಎರಡೂ ವೆಕ್ಟರ್‌ಗಳು ಬೇರೆ ಬೇರೆ ದಿಕ್ಕಿನವು. ಅವನ್ನು ಪಕ್ಕಪಕ್ಕ ಇಟ್ಟ P ಯ ಡಿಟರ್ಮಿನೆಂಟ್ −5. ವಿಲೋಮ ಇಲ್ಲದ A ಸಲೀಸಾಗಿ ಕರ್ಣರೂಪಕ್ಕೆ ಬಂತು.

2. ಸೊನ್ನೆ ವೆಕ್ಟರ್ ಬೇರೆ, ಸೊನ್ನೆ ಮೌಲ್ಯ ಬೇರೆ

"ಸೊನ್ನೆ ವೆಕ್ಟರ್ ಐಗೆನ್ ವೆಕ್ಟರ್ ಆಗಲ್ಲ ಅಂತ ಪುಸ್ತಕದಲ್ಲೇ ಇದೆ," ಎಂದು ಹುಡುಗ ಪಟ್ಟು ಹಿಡಿದ. ಪುಸ್ತಕದ ಮಾತು ಸರಿ, ಆದರೆ ಅದು ವೆಕ್ಟರಿಗೆ ಹಾಕಿದ ನಿರ್ಬಂಧ. Av = 0 ಆಗುವ, ತಾನು ಮಾತ್ರ ಸೊನ್ನೆಯಲ್ಲದ v ಸಿಕ್ಕರೆ ಅದು ಪೂರ್ತಿ ಅರ್ಹ ಐಗೆನ್ ವೆಕ್ಟರ್. (2, −1) ಅಂಥದ್ದೇ. ಇದನ್ನು ಹಲಗೆಯ ಮೇಲೆ ಒಮ್ಮೆ ಬರೆದು ತೋರಿಸಿದರೆ ಸಾಕು.

3. ಎದುರು ಉದಾಹರಣೆ ಬಂದಾಗ ನಿಜವಾದ ಕಾರಣವನ್ನು ಬೇರ್ಪಡಿಸಿ

ಹುಡುಗ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಸುಮ್ಮನಾಗದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಹಾಳೆ ತಿರುಗಿಸಿ ಇನ್ನೊಂದು ಬರೆದ:

```
N = | 2  -1 |
    | 4  -2 |
```

"ಇದಕ್ಕೇನಂತೀಯ? ಕರ್ಣದ ಮೊತ್ತ ಸೊನ್ನೆ, ಡಿಟರ್ಮಿನೆಂಟೂ ಸೊನ್ನೆ. ಐಗೆನ್ ಮೌಲ್ಯ ಎರಡೂ ಸೊನ್ನೆ. ಎಷ್ಟು ಹುಡುಕಿದ್ರೂ (1, 2) ದಿಕ್ಕು ಒಂದೇ ಸಿಗೋದು. ಇದು ಆಗಲ್ಲ ತಾನೇ?"

"ಆಗಲ್ಲ, ಒಪ್ಕೋತೀನಿ. ಅದಕ್ಕೆ ಇನ್ನೂ ಸುಲಭದ ಕಾರಣ ಇದೆ. ಇದು ಡಯಾಗನಲೈಸ್ ಆಗಿದ್ರೆ D ಪೂರ್ತಿ ಸೊನ್ನೆ. ಆಗ PDP⁻¹ ಕೂಡ ಸೊನ್ನೆ ಮ್ಯಾಟ್ರಿಕ್ಸ್ ಆಗ್ಬೇಕು. N ಸೊನ್ನೆ ಅಲ್ವಲ್ಲ."

"ನಾನು ಹೇಳಿದ್ದೂ ಅದೇ ಕಣೇ. ಸೊನ್ನೆ ಬಂದ್ರೆ ಕೆಡುತ್ತೆ."

"ಹಾಗಾದ್ರೆ N ಗೆ ಯೂನಿಟ್ ಮ್ಯಾಟ್ರಿಕ್ಸ್ ಕೂಡಿಸಿ ನೋಡು."

ಕೂಡಿಸಿದಾಗ ಮೊದಲ ಸಾಲು 3, −1, ಎರಡನೆಯದು 4, −1. ಡಿಟರ್ಮಿನೆಂಟ್ 1, ಅಂದರೆ ವಿಲೋಮ ಇದೆ. ಐಗೆನ್ ಮೌಲ್ಯ ಎರಡೂ 1, ಸೊನ್ನೆಯ ಸುಳಿವೇ ಇಲ್ಲ. ಆದರೂ ಐಗೆನ್ ವೆಕ್ಟರ್ ದಿಕ್ಕು ಅದೇ ಒಂದು, (1, 2). ಇದೂ ಕರ್ಣವಾಗುವುದಿಲ್ಲ.

ಇಡೀ ವಾದದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎನಿಸಿದ ಹೆಜ್ಜೆ ಇದು. Av = λv ಆದರೆ (A + cI)v = (λ + c)v. ಯೂನಿಟ್ ಮ್ಯಾಟ್ರಿಕ್ಸಿನ ಯಾವ ಗುಣಕವನ್ನು ಕೂಡಿಸಿದರೂ ಎಲ್ಲ ಐಗೆನ್ ಮೌಲ್ಯಗಳು ಒಟ್ಟಿಗೆ c ಯಷ್ಟು ಸರಿಯುತ್ತವೆ, ವೆಕ್ಟರ್‌ಗಳು ಕದಲುವುದೇ ಇಲ್ಲ. ಕರ್ಣವಾಗುವುದು ಬಿಡುವುದು ವೆಕ್ಟರ್‌ಗಳ ಕೈಯಲ್ಲಿರುವುದರಿಂದ A ಮತ್ತು A + cI ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಮೊದಲಿನ A ಗೆ ಯೂನಿಟ್ ಮ್ಯಾಟ್ರಿಕ್ಸ್ ಕೂಡಿಸಿದರೆ 5 ಮತ್ತು 0 ಇದ್ದದ್ದು 6 ಮತ್ತು 1 ಆಗುತ್ತದೆ, P ಹಾಗೆಯೇ ಉಳಿಯುತ್ತದೆ. ಹೀಗೆ ಇಷ್ಟ ಬಂದ ಕಡೆ ಸರಿಸಬಹುದಾದ ಸಂಖ್ಯೆ ಸೊನ್ನೆಯ ಮೇಲೆ ನಿಂತಿತೋ ಏಳರ ಮೇಲೆ ನಿಂತಿತೋ ಎಂಬುದು ಉತ್ತರವನ್ನು ಬದಲಿಸಲಾರದು. N ಕೆಟ್ಟದ್ದು ಮೌಲ್ಯ ಎರಡು ಸಲ ಬಂದು ವೆಕ್ಟರ್ ಒಂದೇ ಸಿಕ್ಕಿದ್ದರಿಂದ.

4. ಸೊನ್ನೆ ಎಷ್ಟು ಸಲ ಬಂತು, ಎಷ್ಟು ವೆಕ್ಟರ್ ತಂದಿತು: ಎರಡನ್ನೂ ಎಣಿಸಿ

3×3 ಕ್ಕೆ ಹೋದಾಗ ಈ ಎಣಿಕೆಯನ್ನು ಕೈಯಿಂದ ಮಾಡಿಸುತ್ತೇನೆ. ಎಲ್ಲ ಒಂಬತ್ತು ಜಾಗದಲ್ಲೂ 1 ಇರುವ ಮ್ಯಾಟ್ರಿಕ್ಸ್ J ತೆಗೆದುಕೊಳ್ಳಿ. ಅದರ ಐಗೆನ್ ಮೌಲ್ಯಗಳು 3, 0, 0. ಮೂರೂ ಸಾಲು ಒಂದೇ ಆದ್ದರಿಂದ ರ‍್ಯಾಂಕ್ 1. Jx = 0 ಬಿಡಿಸಿದರೆ 3 − 1 = 2 ಸ್ವತಂತ್ರ ವೆಕ್ಟರ್‌ಗಳು ಸಿಗುತ್ತವೆ: (1, −1, 0) ಮತ್ತು (1, 0, −1). ಸೊನ್ನೆ ಎರಡು ಸಲ ಬಂತು, ಎರಡು ವೆಕ್ಟರ್ ತಂದಿತು. J ಕರ್ಣವಾಗುತ್ತದೆ.

ಇದರ ಪಕ್ಕದಲ್ಲಿ ಇದನ್ನು ಇಡಿ:

```
B = | 1   0   0 |
    | 0   2  -1 |
    | 0   4  -2 |
```

ಮೌಲ್ಯಗಳು 1, 0, 0. ಇಲ್ಲೂ ಸೊನ್ನೆ ಎರಡು ಸಲ. ಆದರೆ ರ‍್ಯಾಂಕ್ 2 ಇರುವುದರಿಂದ Bx = 0 ಗೆ ಸಿಗುವುದು ಒಂದೇ ದಿಕ್ಕು, (0, 1, 2). ಒಂದು ವೆಕ್ಟರ್ ಕಡಿಮೆ ಬಿತ್ತು, B ಆಗುವುದಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ: ಮ್ಯಾಟ್ರಿಕ್ಸನ್ನು ಅದರಿಂದಲೇ ಗುಣಿಸಿ ರ‍್ಯಾಂಕ್ ಇಳಿಯಿತೇ ನೋಡುವುದು. J² = 3J, ರ‍್ಯಾಂಕ್ 1 ಆಗಿಯೇ ಉಳಿಯಿತು. B² ನಲ್ಲಿ ಮೂಲೆಯ 1 ಬಿಟ್ಟು ಉಳಿದೆಲ್ಲ ಅಳಿಸಿಹೋಗಿ ರ‍್ಯಾಂಕ್ 2 ರಿಂದ 1 ಕ್ಕೆ ಇಳಿಯಿತು. ಇಳಿದರೆ ಸೊನ್ನೆಗೆ ವೆಕ್ಟರ್ ಸಾಲದೆ ಬಂದಿದೆ ಎಂದರ್ಥ. ಇಳಿಯದಿದ್ದರೆ ಸೊನ್ನೆಯ ಮಟ್ಟಿಗೆ ತೊಂದರೆಯಿಲ್ಲ. ಎರಡು ಸಲ ಬಂದ ಬೇರೆ ಮೌಲ್ಯವಿದ್ದರೆ A − λI ಹಿಡಿದು ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು. ಸೊನ್ನೆ ಒಂದೇ ಸಲ ಬಂದಿದ್ದರೆ ಅದರ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ಒಂದು ವೆಕ್ಟರನ್ನಂತೂ ಅದು ಕೊಟ್ಟೇ ಕೊಡುತ್ತದೆ.

5. ಸೊನ್ನೆ ಬಂದರೆ ಲೆಕ್ಕ ಹಗುರ

"ಸರಿ, ಸೊನ್ನೆ ಇದ್ರೂ ಆಗುತ್ತೆ. ಉಪಯೋಗ ಏನು?" ಎಂದ ಹುಡುಗ. "A¹⁰⁰ ಬರಿ ನೋಡೋಣ," ಎಂದಳು ಅವಳು. D¹⁰⁰ ನಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿದು 5¹⁰⁰ ಒಂದೇ ನಿಲ್ಲುತ್ತದೆ, ಉತ್ತರ 5⁹⁹A. ಹುಡುಗ A² = 5A ಎಂದು ಗುಣಿಸಿ ನೋಡಿ ತಾಳೆ ಮಾಡಿಕೊಂಡ.

6. ಕಂಪ್ಯೂಟರ್ ಕೊಟ್ಟ P ಯನ್ನು ತೂಗಿ ನೋಡಿ

ಕಾಗದದ ಮೇಲೆ ಸೊನ್ನೆ ಸೊನ್ನೆಯೇ. ದಶಮಾಂಶದಲ್ಲಿ ಲೆಕ್ಕ ಮಾಡುವ ಯಂತ್ರದಲ್ಲಿ ಹಾಗಲ್ಲ. ಮೊದಲ ಸಾಲು 0, 1, ಎರಡನೆಯ ಸಾಲು 0, 0 ಇರುವ ಮ್ಯಾಟ್ರಿಕ್ಸ್ ಕರ್ಣವಾಗುವುದಿಲ್ಲ. ಕೆಳಗಿನ ಎಡ ಮೂಲೆಯಲ್ಲಿ 10⁻¹⁶ ರಷ್ಟು ದೋಷ ಸೇರಿತು ಎನ್ನಿ. ಮೌಲ್ಯಗಳು 10⁻⁸ ಮತ್ತು −10⁻⁸ ಎಂದು ಬೇರೆ ಬೇರೆಯಾಗುತ್ತವೆ, ವೆಕ್ಟರ್‌ಗಳು (1, 10⁻⁸) ಮತ್ತು (1, −10⁻⁸). ಎರಡು ವೆಕ್ಟರ್ ಸಿಕ್ಕವು ಎಂದು ಪ್ರೋಗ್ರಾಂ ಕೊಟ್ಟುಬಿಡುತ್ತದೆ, ಆದರೆ ಅವು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. P ಯ ಡಿಟರ್ಮಿನೆಂಟ್ 10⁻⁸ ರ ಆಸುಪಾಸಿಗೆ ಇಳಿದಿರುವುದೇ ಇಲ್ಲಿ ಸುಳಿವು. ಐಗೆನ್ ವೆಕ್ಟರ್‌ಗಳನ್ನು ಒಂದೇ ಉದ್ದಕ್ಕೆ ತಂದ ಮೇಲೂ P ಯ ಡಿಟರ್ಮಿನೆಂಟ್ ಅಷ್ಟು ಚಿಕ್ಕದಾಗಿ ಕಂಡರೆ, ಸಾಧ್ಯವಾದ ಕಡೆ ಆ ಲೆಕ್ಕವನ್ನು ಭಿನ್ನರಾಶಿಯಲ್ಲಿ ಕೈಯಿಂದಲೇ ಮಾಡಿ ರ‍್ಯಾಂಕ್ ಎಣಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.