ಆ ಮೂವತ್ತು ದಿನಗಳನ್ನು ಬಿಡಿಸಿ ಬರೆ

ನೋಡಮ್ಮ, ಆರೋಗ್ಯ ವಿಮೆಯ ನವೀಕರಣ ನೋಟೀಸನ್ನು ಹೆಚ್ಚು ಓದಿರದ ಹಿರಿಯರಿಗೆ ತಿಳಿಯುವ ಹಾಗೆ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದೆ ಅಂದೆ. ನೀನು ಕಳಿಸಿದ ಎರಡೂ ಹಾಳೆ ಓದಿದೆ. ಮೂಲದಲ್ಲಿ ಎಲ್ಲಕ್ಕಿಂತ ತೊಡಕಿನ ವಾಕ್ಯ ಇದು: ‘ಅವಧಿ ಮುಕ್ತಾಯದ ದಿನಾಂಕದಿಂದ 30 ದಿನಗಳ ರಿಯಾಯಿತಿ ಅವಧಿಯೊಳಗೆ ಪ್ರೀಮಿಯಂ ಸ್ವೀಕೃತವಾದಲ್ಲಿ ನಿರಂತರತೆಯ ಸೌಲಭ್ಯಗಳು ಅಬಾಧಿತವಾಗಿರುತ್ತವೆ, ಆದಾಗ್ಯೂ ಪ್ರೀಮಿಯಂ ಸ್ವೀಕೃತವಾಗದ ಅವಧಿಗೆ ವಿಮಾ ರಕ್ಷಣೆ ಲಭ್ಯವಿರುವುದಿಲ್ಲ.’

ನೀನು ಇದನ್ನು ‘ಕೊನೆಯ ದಿನ ಕಳೆದರೂ ಚಿಂತೆಯಿಲ್ಲ, ಇನ್ನೂ 30 ದಿನ ಹಣ ಕಟ್ಟಬಹುದು’ ಎಂದು ಬರೆದಿದ್ದೀಯ. ಓದಲು ಸಲೀಸು. ಆದರೆ ‘ಆದಾಗ್ಯೂ’ ನಂತರದ ಮಾತು ಪೂರ್ತಿ ಬಿಟ್ಟುಹೋಗಿದೆ. ಹಿರಿಯರು ಮೋಸಹೋಗುವುದು ಅಲ್ಲೇ.

ಒಬ್ಬ ಅಜ್ಜಿಯನ್ನು ಮನಸ್ಸಿನಲ್ಲಿಟ್ಟುಕೊ. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಿನ್ನ ಹಾಳೆಯನ್ನು ಮೊಮ್ಮಗ ಓದಿ ಹೇಳುತ್ತಾನೆ. ಹೇಗೂ ತಿಂಗಳು ಟೈಮಿದೆಯಲ್ಲ, ಮಗ ದುಡ್ಡು ಕಳಿಸಿದ ಮೇಲೆ ಕಟ್ಟೋಣ ಅಂತ ಆಕೆ ಸುಮ್ಮನಾಗುತ್ತಾಳೆ. ಏಪ್ರಿಲ್ 12ಕ್ಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಏಪ್ರಿಲ್ 20ಕ್ಕೆ ಮಗ ಹಣ ಕಟ್ಟುತ್ತಾನೆ, ಪಾಲಿಸಿಯೂ ಮುಂದುವರಿಯುತ್ತದೆ. ಆದರೆ 12ನೇ ತಾರೀಖಿನ ಆಸ್ಪತ್ರೆ ಖರ್ಚು ಸಿಗುವುದಿಲ್ಲ. ವರ್ಷದ ಕಂತನ್ನು ಒಟ್ಟಿಗೆ ಕಟ್ಟುವವರಿಗೆ, ಹಣ ಬಾರದ ಆ ದಿನಗಳಲ್ಲಿ ವಿಮೆ ಇರುವುದಿಲ್ಲ.

ಹಾಗಾದರೆ ಆ 30 ದಿನ ಯಾತಕ್ಕೆ? ಹಳೆಯ ಲೆಕ್ಕ ಉಳಿಸಿಕೊಳ್ಳುವುದಕ್ಕೆ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಶುಗರ್, ಬಿಪಿಗೆ ಕಂಪನಿ ಮೂರು ವರ್ಷದವರೆಗೆ ಕಾಯಿಸಬಹುದು. ಅಜ್ಜಿ ಎರಡು ವರ್ಷ ಕಾದಿದ್ದರೆ, 30 ದಿನದೊಳಗೆ ಕಟ್ಟಿದಾಗ ಆ ಎರಡು ವರ್ಷ ಲೆಕ್ಕದಲ್ಲಿ ಉಳಿಯುತ್ತವೆ. ತಪ್ಪಿದರೆ ಹೊಸ ಪಾಲಿಸಿಗೆ ಅರ್ಜಿ ಹಾಕಬೇಕಾಗಬಹುದು. ಆ ವಯಸ್ಸಿನಲ್ಲಿ ಕಂಪನಿ ಒಪ್ಪುವುದೇ ಗ್ಯಾರಂಟಿಯಿಲ್ಲ, ಒಪ್ಪಿದರೂ ಕಾಯುವುದು ಮೊದಲಿನಿಂದ.

ಇಷ್ಟು ತಿಳಿದ ಮೇಲೆ ಆ ಒಂದು ವಾಕ್ಯವನ್ನು ನಾಲ್ಕು ಮಾಡಿ ಹೀಗೆ ಬರೆ:

‘ನಿಮ್ಮ ವಿಮೆ ಮಾರ್ಚ್ 31, ಮಂಗಳವಾರ ರಾತ್ರಿಗೆ ಮುಗಿಯುತ್ತದೆ. ಅಷ್ಟರೊಳಗೆ ಹಣ ಕಟ್ಟಿದರೆ ಒಂದು ದಿನವೂ ತಪ್ಪದೆ ವಿಮೆ ಮುಂದುವರಿಯುತ್ತದೆ. ಏಪ್ರಿಲ್ 30ರವರೆಗೂ ಕಟ್ಟಬಹುದು, ಆದರೆ ಏಪ್ರಿಲ್ 1ರಿಂದ ನೀವು ಹಣ ಕಟ್ಟುವ ದಿನದವರೆಗೆ ಏನಾದರೂ ಆಗಿ ಆಸ್ಪತ್ರೆಗೆ ಸೇರಿದರೆ ಆ ಖರ್ಚನ್ನು ನಾವು ಕೊಡುವುದಿಲ್ಲ. ಏಪ್ರಿಲ್ 30 ದಾಟಿದರೆ ಈ ಪಾಲಿಸಿ ನಿಲ್ಲುತ್ತದೆ, ಹಳೆಯ ಕಾಯಿಲೆಗಳಿಗೆ ನೀವು ಇದುವರೆಗೆ ಕಾದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ.’

ಮೂಲಕ್ಕಿಂತ ಉದ್ದವಾಯಿತು ಅಂತ ನಿಮ್ಮ ಆಫೀಸಿನಲ್ಲಿ ಯಾರಾದರೂ ಆಕ್ಷೇಪಿಸಿಯಾರು. ಬಗ್ಗಬೇಡ. ‘30 ದಿನದೊಳಗೆ’ ಅಂದರೆ ಎಣಿಸುವ ಕೆಲಸ ಹಿರಿಯರ ತಲೆಗೆ ಬೀಳುತ್ತದೆ. ತಾರೀಖು ಕೊಟ್ಟರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ವಾರದ ಹೆಸರನ್ನೂ ಅದಕ್ಕೇ ಸೇರಿಸಿದ್ದು. ಒಂದು ಎಚ್ಚರಿಕೆ: ಈ ಮಾತುಗಳು ವರ್ಷದ ಕಂತಿನವರಿಗೆ ಮಾತ್ರ. ತಿಂಗಳ ಕಂತಿನವರಿಗೆ ಸಿಗುವುದು 15 ದಿನ, ಮತ್ತು ಆ ದಿನಗಳಲ್ಲಿ ಅವರಿಗೆ ವಿಮೆ ಇರುತ್ತದೆ. ಅವರಿಗೆ ಬೇರೆ ಹಾಳೆಯೇ ಬೇಕು.

ಸಹಪಾವತಿಯ ಸಾಲನ್ನೂ ಲೆಕ್ಕ ಮಾಡಿ ತೋರಿಸು. ‘ಶೇಕಡಾ 20’ ಎಂದು ಬಿಟ್ಟರೆ ಸಾಲದು. ‘ಒಪ್ಪಿದ ಆಸ್ಪತ್ರೆ ಬಿಲ್ಲು 50,000 ರೂಪಾಯಿ ಇದ್ದರೆ ನೀವು 10,000 ಕೊಡಬೇಕು, ನಾವು 40,000 ಕೊಡುತ್ತೇವೆ’ ಎಂದು ಬರೆ. ‘ಒಪ್ಪಿದ’ ಅನ್ನುವುದನ್ನು ಮಾತ್ರ ಬಿಡಬೇಡ, ಬಿಲ್ಲಿನ ಪ್ರತಿ ಬಾಬ್ತನ್ನೂ ಕಂಪನಿ ಒಪ್ಪುವುದಿಲ್ಲ.

ಮುಗಿದ ಮೇಲೆ ಕಾನೂನು ವಿಭಾಗದವರಿಗೆ ತೋರಿಸು, ಮೂಲ ನೋಟೀಸಿನ ಜೊತೆಗೇ ಇದನ್ನು ಕಳಿಸು. ಅದಕ್ಕೂ ಮೊದಲು ಮನೆಯ ಹತ್ತಿರದ ಹಿರಿಯರೊಬ್ಬರಿಗೆ ಓದಿ ಹೇಳು. ‘ಅರ್ಥವಾಯಿತಾ?’ ಅಂತ ಕೇಳಬೇಡ, ಮುಖದಾಕ್ಷಿಣ್ಯಕ್ಕೆ ಹೂಂ ಅಂದುಬಿಡುತ್ತಾರೆ. ‘ಅಮ್ಮಾ, ಏಪ್ರಿಲ್ 12ಕ್ಕೆ ಬಿದ್ದು, 20ಕ್ಕೆ ದುಡ್ಡು ಕಟ್ಟಿದರೆ ಆಸ್ಪತ್ರೆ ಖರ್ಚು ಯಾರದ್ದು?’ ಅಂತ ಕೇಳು. ‘ಕಂಪನಿಯವರದ್ದು’ ಅಂದರೆ ಮೂರನೆಯ ವಾಕ್ಯವನ್ನು ಮತ್ತೆ ಬರೆ.