ಗುರುತು ಬಿದ್ದ ಕಂಡಿಕೆಯ ಪುನಾರಚನೆ: ಒಂದು ನಿದರ್ಶನ

ಸಂಶೋಧನ ಪ್ರಬಂಧದ ಕರಡಿನಲ್ಲಿ ಮಾರ್ಗದರ್ಶಕರು ಒಂದು ಕಂಡಿಕೆಯ ಪಕ್ಕದಲ್ಲಿ ಗೆರೆಯೆಳೆದು ‘ಇದು ಆಕರದ ಮಾತು’ ಎಂದು ಬರೆದಾಗ ಅಭ್ಯಾಸಿಯು ಸಾಮಾನ್ಯವಾಗಿ ಪರ್ಯಾಯ ಪದಗಳನ್ನು ಹುಡುಕತೊಡಗುತ್ತಾನೆ. ಈ ದಾರಿ ಏಕೆ ಸಲ್ಲದೆಂಬುದನ್ನೂ ಸಲ್ಲುವ ದಾರಿ ಯಾವುದೆಂಬುದನ್ನೂ ಇಲ್ಲಿ ಒಂದು ನಿದರ್ಶನದ ಮೂಲಕ ಪರಿಶೀಲಿಸಲಾಗಿದೆ. ಕೆಳಗಿನ ಕಂಡಿಕೆಗಳನ್ನು ಈ ಪಾಠಕ್ಕಾಗಿಯೇ ರಚಿಸಲಾಗಿದೆ. ಅವುಗಳ ವಿಷಯ ಮಾತ್ರ ಕನ್ನಡ ಭಾಷಾಚರಿತ್ರೆಯಲ್ಲಿ ಸುಪರಿಚಿತವಾದುದು.

ಆಕರದ ಕಂಡಿಕೆ ಹೀಗಿದೆಯೆಂದು ಇಟ್ಟುಕೊಳ್ಳೋಣ: “ಪದಾದಿಯ ಪಕಾರವು ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಹಕಾರವಾಗತೊಡಗುತ್ತದೆ. ಆದರೆ ಕಾವ್ಯಗಳು ಸಂಪ್ರದಾಯನಿಷ್ಠೆಯಿಂದ ಪಕಾರವನ್ನು ಬಹುಕಾಲ ಉಳಿಸಿಕೊಂಡವು. ಆದುದರಿಂದ ಹಸ್ತಪ್ರತಿಯಲ್ಲಿ ಪಕಾರವಿದೆಯೆಂಬ ಮಾತ್ರಕ್ಕೆ ಕಾವ್ಯದ ಪ್ರಾಚೀನತೆ ಸಿದ್ಧವಾಗದು.”

ಅಭ್ಯಾಸಿಯ ಕಂಡಿಕೆ: “ಪದಗಳ ಪಕಾರವು ಸರಿಸುಮಾರು 10ನೆಯ ಶತಮಾನದಿಂದ ಶಿಲಾಲೇಖಗಳಲ್ಲಿ ಹಕಾರವಾಗಲಾರಂಭಿಸುತ್ತದೆ. ಆದಾಗ್ಯೂ ಕಾವ್ಯಗಳು ಪರಂಪರೆಯ ಮೇಲಣ ಗೌರವದಿಂದ ಪಕಾರವನ್ನು ದೀರ್ಘಕಾಲ ಕಾಪಾಡಿಕೊಂಡವು. ಆದಕಾರಣ ತಾಳೆಗರಿಯಲ್ಲಿ ಪಕಾರವಿದ್ದ ಮಾತ್ರಕ್ಕೆ ಕಾವ್ಯದ ಹಳಮೆ ಸ್ಥಿರಪಡದು.”

ಇಲ್ಲಿ ಮೂರು ವಾಕ್ಯಗಳೂ ಅವುಗಳ ಕ್ರಮವೂ ಆಕರದವೇ. ಅದಕ್ಕಿಂತ ಗಂಭೀರವಾದುದು, ಪದ ಬದಲಾದೆಡೆಯಲ್ಲೆಲ್ಲ ಅರ್ಥ ಕೆಟ್ಟಿರುವುದು. ತಾಮ್ರಪಟಗಳೂ ಶಾಸನಗಳೇ, ‘ಶಿಲಾಲೇಖ’ವೆಂದೊಡನೆ ಅವು ಹೊರಗುಳಿದವು. ಕಾಗದದ ಪ್ರತಿಗಳೂ ಹಸ್ತಪ್ರತಿಗಳೇ. ‘ತಾಳೆಗರಿ’ ಅವುಗಳನ್ನು ಕೈಬಿಟ್ಟಿತು. ‘ಪದಾದಿ’ ಹೋದುದರಿಂದ ‘ಅಪ್ಪ’, ‘ತಪ್ಪು’ಗಳ ಪಕಾರವೂ ಮಾರ್ಪಡಬೇಕಿತ್ತೆಂಬ ಅಭಿಪ್ರಾಯ ಬರುತ್ತದೆ. ಪಾರಿಭಾಷಿಕ ಪದಗಳು ಯಾರೊಬ್ಬರ ಸೊತ್ತೂ ಅಲ್ಲ. ಅವುಗಳನ್ನು ಬದಲಿಸಬೇಕಾಗಿಲ್ಲ, ಬದಲಿಸಲೂ ಬಾರದು.

ಸರಿಯಾದ ಕ್ರಮವು ಆಕರವನ್ನು ಮುಚ್ಚಿಡುವುದರಿಂದ ಆರಂಭವಾಗುತ್ತದೆ. ಓದಿದ ಮೇಲೆ ಪುಸ್ತಕ ನೋಡದೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು: ಲೇಖಕರು ಸಾಧಿಸುವುದೇನು, ಯಾವ ಆಧಾರದಿಂದ, ಆಧಾರದಿಂದ ನಿರ್ಣಯಕ್ಕೆ ಹೋಗುವ ತರ್ಕ ಯಾವುದು? ಇಲ್ಲಿ ಸಾಧ್ಯವೆಂದರೆ ಪಕಾರವು ಕಾಲನಿರ್ಣಯಕ್ಕೆ ಸಾಲದೆಂಬುದು. ಶಾಸನಭಾಷೆಗೂ ಕಾವ್ಯಭಾಷೆಗೂ ಇರುವ ಅಂತರವೇ ಆಧಾರ. ಒಂದು ರೂಪವು ಆಡುಮಾತಿನಲ್ಲಿ ಸವೆದ ಮೇಲೂ ಕಾವ್ಯದಲ್ಲಿ ಬಾಳಬಲ್ಲುದಾದರೆ, ಆ ರೂಪದ ಇರುವಿಕೆ ಕೃತಿಯ ಕಾಲವನ್ನು ಹೇಳಲಾರದು; ಇದು ತರ್ಕ. ಮೂರನೆಯ ಉತ್ತರ ಹೊಳೆಯದಿದ್ದರೆ ವಾದ ಇನ್ನೂ ತಿಳಿದಿಲ್ಲವೆಂದೇ ಅರ್ಥ. ಆಗ ಮತ್ತೆ ಓದಬೇಕು, ಬರೆಯತೊಡಗಬಾರದು.

ಬಳಿಕ ಕೇಳಬೇಕಾದುದು, ಈ ವಾದವು ನನ್ನ ಅಧ್ಯಾಯಕ್ಕೆ ಏನು ಮಾಡುತ್ತದೆ ಎಂದು. ನಮ್ಮ ಅಭ್ಯಾಸಿಯು ಕಾಲ ತಿಳಿಯದ ಚಂಪೂಕಾವ್ಯವೊಂದನ್ನು ಅದರ ಪಕಾರರೂಪಗಳ ಬಲದಿಂದಲೇ 10ನೆಯ ಶತಮಾನಕ್ಕೆ ಸೇರಿಸಲು ಹೊರಟವನೆಂದು ಭಾವಿಸೋಣ. ಆಕರದ ವಾದ ಅವನ ನಿಲುವಿಗೇ ವಿರುದ್ಧವಾದುದು. ಪದಗಳನ್ನು ಬದಲಿಸುತ್ತಿದ್ದಾಗ ಅವನಿಗೆ ಇದು ಕಾಣಲಿಲ್ಲ. ಅರ್ಥಮಾಡಿಕೊಂಡಾಗ ಕಾಣದಿರಲು ಸಾಧ್ಯವಿಲ್ಲ. ಅವನ ಹೊಸ ಕಂಡಿಕೆ ಹೀಗಾಗಬಹುದು:

“ಪ್ರಸ್ತುತ ಕಾವ್ಯದಲ್ಲಿ ‘ಪಾಲ್’, ‘ಪುಲಿ’ ಮುಂತಾದ ರೂಪಗಳೇ ಕಾಣಬರುತ್ತವೆ, ‘ಹಾಲು’, ‘ಹುಲಿ’ಗಳಿಲ್ಲ. ಇಷ್ಟರಿಂದ ಕೃತಿಯನ್ನು 10ನೆಯ ಶತಮಾನಕ್ಕೆ ಒಯ್ಯಲಾಗದು. ಶಾಸನಗಳು ಹಕಾರದತ್ತ ಸರಿದ ಮೇಲೂ ಕವಿಗಳು ಪದಾದಿಯ ಪಕಾರವನ್ನು ಬಿಡಲಿಲ್ಲವೆಂದು ಆಕರಲೇಖಕರು ತೋರಿಸಿದ್ದಾರೆ. ಅಂದಮೇಲೆ 13ನೆಯ ಶತಮಾನದ ಕವಿಯೂ ಈ ರೂಪಗಳನ್ನು ಬಳಸಿರಬಹುದು. ಹಕಾರವಿದ್ದಿದ್ದರೂ ತೊಡಕು ತೀರುತ್ತಿರಲಿಲ್ಲ. ಅದು ಪ್ರತಿಕಾರನ ಕೈವಾಡವಾಗಿರಬಹುದು. ಆದುದರಿಂದ ಕವಿಯು ಸ್ಮರಿಸುವ ಪೂರ್ವಕವಿಗಳತ್ತ ಗಮನ ಹರಿಸಬೇಕಾಗಿದೆ.”

ಇಲ್ಲಿ ಕಂಡಿಕೆ ಹೊರಟಿರುವುದು ಅಭ್ಯಾಸಿಯ ಪಠ್ಯದಿಂದ. ಆಕರವು ನಡುವೆ ಸಾಕ್ಷಿಯಾಗಿ ಬಂದಿದೆ. ನಿಜಪ್ರಬಂಧದಲ್ಲಿ ‘ಆಕರಲೇಖಕರು’ ಎಂಬೆಡೆ ಲೇಖಕರ ಹೆಸರೂ ಪುಟಸಂಖ್ಯೆಯೂ ಇರಬೇಕು. ಮಾತು ತನ್ನದಾದರೂ ವಿಚಾರ ಅವರದೇ. ಪುನಾರಚನೆಯು ಋಣವನ್ನು ತೀರಿಸುವುದಿಲ್ಲ. ಪ್ರತಿಕಾರನನ್ನು ಕುರಿತ ವಾಕ್ಯ ಆಕರದಲ್ಲಿಲ್ಲ. ಅದು ಅವರ ಮಾತೆಂದು ತೋರದಂತೆ ಉಲ್ಲೇಖವು ಅದಕ್ಕಿಂತ ಮೊದಲೇ ಮುಗಿದಿರಬೇಕು.

ಕೊನೆಗೆ ಆಕರವನ್ನು ತೆರೆದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ವಾಕ್ಯಗಳ ಕ್ರಮ ಒಂದೇ ಆಗಿದ್ದರೆ ಪದಗಳೆಷ್ಟು ಬೇರೆಯಾದರೂ ಕೆಲಸ ಆಗಿಲ್ಲ. ಆಕರದ ನುಡಿಯೊಂದು ಅನಿವಾರ್ಯವೆನಿಸಿದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಯಥಾವತ್ತಾಗಿ ಕೊಡುವುದೇ ಪ್ರಾಮಾಣಿಕ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಶೇಕಡಾ 10ರವರೆಗಿನ ಹೋಲಿಕೆಗೆ ದಂಡ ವಿಧಿಸಿಲ್ಲ. ಆದರೆ ಅಭ್ಯಾಸಿಯ ಮೊದಲ ಕಂಡಿಕೆಯಂಥದು ಆ ಮಿತಿಯೊಳಗೆ ನುಸುಳಿಕೊಂಡರೂ, ಅಧ್ಯಾಯದ ವಾದ ಕುಸಿದಿರುವುದನ್ನು ಮೌಖಿಕ ಪರೀಕ್ಷೆಯ ಒಂದೇ ಪ್ರಶ್ನೆ ಬಯಲು ಮಾಡೀತು.