ಅಂಗಡಿ ಲೈಸೆನ್ಸಿಗೆ ಒಂದು ಅರ್ಜಿ

ಸಂತೆ ಬೀದಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅಂಗಡಿ ನಡೆಸಲು ಪುರಸಭೆಯ ಪರವಾನಗಿ ಬೇಕು. ಜನ ಅದನ್ನು ಲೈಸೆನ್ಸು ಅಂತಾರೆ. ನಮ್ಮ ಲೈಸೆನ್ಸು ಮಾರ್ಚ್ 31ಕ್ಕೆ ಮುಗಿಯಿತು. ಅದಕ್ಕೆ ಮೊದಲೇ ಅರ್ಜಿ ಕೊಡಬೇಕಿತ್ತು. ಅತ್ತೆಯವರು ಆಸ್ಪತ್ರೆಯಲ್ಲಿದ್ದರು, ಮರೆತೆವು. ಮೇ ತಿಂಗಳಲ್ಲಿ ನೋಟೀಸು ಬಂತು. ಲೈಸೆನ್ಸು ಇಲ್ಲದಿದ್ದರೆ ಅಂಗಡಿ ಮುಚ್ಚಿಸುತ್ತೇವೆ ಎಂದು ಅದರಲ್ಲಿತ್ತು. ಆ ರಾತ್ರಿಯೇ ಕೂತು ಬರೆದೆವು.

ಗೆ,
ಮುಖ್ಯಾಧಿಕಾರಿಗಳು,
ಪುರಸಭೆ ಕಚೇರಿ.

ವಿಷಯ: ಪರವಾನಗಿ ನವೀಕರಿಸುವ ಬಗ್ಗೆ.

ಮಾನ್ಯರೇ,
ನಮ್ಮ ಕಿರಾಣಿ ಅಂಗಡಿಯ ಪರವಾನಗಿ ಸಂಖ್ಯೆ 214. ಇದರ ಅವಧಿ ಮಾರ್ಚ್ 31ಕ್ಕೆ ಮುಗಿದಿದೆ. ಮನೆಯಲ್ಲಿ ಕಾಯಿಲೆ ಇದ್ದುದರಿಂದ ಅರ್ಜಿ ತಡವಾಯಿತು. ನಿಯಮದಂತೆ ದಂಡ ಕಟ್ಟಲು ಒಪ್ಪಿದ್ದೇವೆ. ಹಳೆಯ ಪರವಾನಗಿ, ಹೋದ ವರ್ಷದ ರಸೀದಿ, ಆಸ್ಪತ್ರೆ ಚೀಟಿ, ಇವುಗಳ ಜೆರಾಕ್ಸ್ ಇಟ್ಟಿದ್ದೇವೆ. ದಯಮಾಡಿ ನವೀಕರಿಸಿ ಕೊಡಬೇಕು.

ಇಂತಿ ತಮ್ಮ ವಿಶ್ವಾಸಿಗಳು

ಕೆಳಗೆ ಇಬ್ಬರೂ ಸಹಿ ಹಾಕಿ ತಾರೀಕು ಬರೆದೆವು. ಮೊದಲು "ನೀವು ಮೊದಲೇ ಯಾಕೆ ತಿಳಿಸಲಿಲ್ಲ" ಎಂದೂ ಬರೆದಿದ್ದೆವು. ಬೇಡವೆಂದು ಹೊಡೆದುಹಾಕಿ ಬೇರೆ ಹಾಳೆಯಲ್ಲಿ ಬರೆದೆವು.

ಅರ್ಜಿಯ ಎರಡು ಪ್ರತಿ ಒಯ್ದೆವು. ಒಂದನ್ನು ಕೊಟ್ಟೆವು. ಇನ್ನೊಂದರ ಮೇಲೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಂಡೆವು. ಹತ್ತು ದಿನ ಬಿಟ್ಟು ಹೋದರೆ ಗುಮಾಸ್ತರು, "ನಿಮ್ಮ ಅರ್ಜಿ ಬಂದೇ ಇಲ್ಲಮ್ಮಾ" ಅಂದರು. ಸೀಲಿನ ಪ್ರತಿ ತೋರಿಸಿದೆವು. ಕಡತ ಸಿಕ್ಕಿತು. ದಂಡ ಸೇರಿಸಿ ಹಣ ಕಟ್ಟಿ ರಸೀದಿ ಪಡೆದೆವು.

ಜೂನ್‌ನಲ್ಲಿ ಹೊಸ ಲೈಸೆನ್ಸು ಕೈಗೆ ಬಂತು. ಅಲ್ಲೇ ನಿಂತು ಓದಿದೆವು. ಹೆಸರು ಸರಿ, ಸಂಖ್ಯೆ ಸರಿ. ಮುಗಿಯುವ ದಿನ ಮಾತ್ರ ಬರುವ ಮಾರ್ಚ್ 31! ಜೂನ್‌ನಲ್ಲಿ ಪಡೆದರೂ ಜೂನ್‌ವರೆಗೆ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ 1ಕ್ಕೆ ಗುರುತು ಹಾಕಿದೆವು.